ಒಂಬತ್ತಕ್ಕೂ ಹತ್ತಕ್ಕೂ ನಡುವೆ

ಶೇಕಡಾ ಐವತ್ತೆಂಟು. ವಿಡಿಯೋ ಫೈಲುಗಳನ್ನು ಬದಲಿಸುತ್ತಿರುವ ಕಂಪ್ಯೂಟರು ಐವತ್ತೆಂಟರಲ್ಲೇ ನಿಂತುಬಿಟ್ಟಿದೆಯೇ, ಅಥವಾ ತಾನು ಕಣ್ಣು ಮಿಟುಕಿಸದೆ ನೋಡುತ್ತಿರುವುದರಿಂದ ನಿಂತಂತೆ ಕಾಣುತ್ತಿದೆಯೇ ಎಂದು ಅಸ್ಕರನಿಗೆ ತಿಳಿಯಲಿಲ್ಲ. ಕೆಳಗಿನ ಹಿಟ್ಟಿನ ಗಿರಣಿ ಓಡುವಾಗಲೆಲ್ಲ ಸಿದ್ದಕಟ್ಟೆಯ ಪೇಟೆಯಲ್ಲಿ ಮಹಡಿಯ ಮೇಲಿನ ಈ ವಿಡಿಯೋ ಸ್ಟುಡಿಯೋದ ಮೇಜು ಸಣ್ಣಗೆ ನಡುಗುತ್ತದೆ, ಮೇಜಿನ ಮೇಲಿನ ಹಾರ್ಡ್‌ಡಿಸ್ಕ್ ನಡುಗುತ್ತದೆ, ಅದರೊಳಗೆ ಮೂಡುಬಿದಿರೆಯ ಮೊಸರು ಕುಡಿಕೆ ಹಬ್ಬದ ಇಡೀ ಒಂದು ದಿನ ನಡುಗುತ್ತದೆ. ಅದನ್ನು ಹಳೆಯ ಲುಂಗಿಯೊಂದನ್ನು ಮಡಚಿ ಅದರ ಮೇಲೆ ಮಲಗಿಸಿದ್ದ. ಗಂಟೆ ಒಂದೂ ಇಪ್ಪತ್ತು. ಐದು ಗಂಟೆಗೆ ಸ್ಪರ್ಧೆಯವರ ಅರ್ಜಿ ಮುಚ್ಚುತ್ತದೆ. ದಸರಾದ ಹೊತ್ತಿಗೆ ಮಂಗಳೂರಿನಲ್ಲಿ ನಡೆಯುವ ಹುಲಿವೇಷದ ದೊಡ್ಡ ಸ್ಪರ್ಧೆ. ಹತ್ತು ನಿಮಿಷದ ವಿಡಿಯೋ, ಐನೂರು ಎಂಬಿ ಮೀರಬಾರದು, ಎಂಪಿ ಫೋರ್ ಮಾತ್ರ, ನಡುವೆ ಒಂದೂ ಕಟ್ ಇರಕೂಡದು. ಅಕ್ಕಿಮುಡಿ ಎಸೆತ ಇದ್ದರೆ ಹೆಚ್ಚಿನ ಅಂಕ, ಆದರೆ ಮುಡಿಗೆ ಯಾರ ಕೈಯೂ ತಾಗುವಂತಿಲ್ಲ. ಈ ನಿಯಮಗಳನ್ನು ಅವನು ಎಷ್ಟು ಸಲ ಓದಿದ್ದನೆಂದರೆ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಅವೇ ಬಾಯಿಗೆ ಬರುತ್ತಿದ್ದವು. ಎಡಗೈಯ ಅಂಗೈ ತುರಿಸಿತು. ನಾಲ್ಕು ದಿನದ ಹಿಂದೆ ಹಬ್ಬದ ಗದ್ದಲದಲ್ಲಿ ಎಲ್ಲಿಯೋ ಗೀರಿದ್ದು. ಮೂರು ಉದ್ದ ಗೆರೆ. ಜನ ಒಳಗೆ ನುಗ್ಗದಂತೆ ಕಟ್ಟಿದ್ದ ಹಗ್ಗದ್ದೇ ಇರಬೇಕು ಎಂದುಕೊಂಡು ಬಿಟ್ಟಿದ್ದ.

ಹಲ್ಲುಜ್ಜುವಾಗ ಎಂದು ನೆನೆದದ್ದೇ ತಡ, ಧರ್ಣಪ್ಪಣ್ಣನ ಹಲ್ಲು ನೆನಪಾಯಿತು. ಬಾವಿ ತೋಡುವ ಧರ್ಣಪ್ಪ, ಐವತ್ತನಾಲ್ಕು ವರ್ಷ, ಮೂವತ್ತೊಂದು ವರ್ಷದಿಂದ ಹುಲಿ ಹಾಕುವವ, ತಂಡದ ಹಿರಿಯ ಹುಲಿ. ಮೈಗೆಲ್ಲ ಹಳದಿ ಬಳಿದು ಕಪ್ಪು ಪಟ್ಟೆ ಎಳೆಸಿಕೊಂಡು, ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಮುಡಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ನಲವತ್ತು ಕಿಲೋಗೆ ಒಂದೆರಡು ಕಡಿಮೆ ಇರುವ ಅದನ್ನು ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು ಸುತ್ತಲಿನ ಹತ್ತೂರಿನಲ್ಲಿ ಅವನ ಪ್ರಾಯದ ಬೇರೆ ಯಾರಿಂದಲೂ ಆಗದ ಕೆಲಸ. ಈ ಸಲ ಎಸೆದ. ಎಸೆದ ಮರುದಿನ ಎದುರಿನ ಎರಡು ಹಲ್ಲು ಅಲ್ಲಾಡಿದವು. ಇವತ್ತು ಬೆಳ್ತಂಗಡಿಯ ದಂತವೈದ್ಯರ ಹತ್ತಿರ ಅವನ್ನು ಕೀಳಿಸಲು ಹೋಗಿದ್ದಾನೆ. ಇನ್ನು ಮುಡಿ ಕಚ್ಚುವುದುಂಟೇ? ಅಂದರೆ ಮೂವತ್ತೊಂದು ವರ್ಷದ ಕೊನೆಯ ಎಸೆತ ಈ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಇದೆ, ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಜನರ ಮೊಬೈಲುಗಳಲ್ಲಿ ಇರುವುದು ಎದುರು ನಿಂತವರ ತಲೆ, ಸಿಳ್ಳೆ, ಅರ್ಧ ನಿಮಿಷದ ನಡುಗುವ ಆಕಾಶ. ಅದಕ್ಕಿಂತ ಹೆಚ್ಚಾಗಿ, ಧರ್ಣಪ್ಪಣ್ಣ ನಾಲ್ಕು ದಿನದಿಂದ ಎಲ್ಲರ ಹತ್ತಿರ ಒಂದೇ ಮಾತು ಹೇಳುತ್ತ ತಿರುಗುತ್ತಿದ್ದಾನೆ. ಮುಡಿ ಈ ಸಲ ಜಾರಿತ್ತು, ಕತ್ತಿನ ಮೇಲೆಯೇ ಬೀಳುವುದಿತ್ತು, ಆಗ ಯಾರೋ ಹಿಂದಿನಿಂದ ಕತ್ತಿಗೆ ಕೈ ಇಟ್ಟರು. ದೇವರಲ್ಲದೆ ಯಾರು ಇಟ್ಟಾರು? ಹೀಗೆಂದು ನಿನ್ನೆ ದೇವಸ್ಥಾನಕ್ಕೆ ಹನ್ನೊಂದು ತೆಂಗಿನಕಾಯಿ ಒಪ್ಪಿಸಿ ಬಂದಿದ್ದ.

"ಬಂದಿದೆಯಾ ಅಸ್ಕರ್, ಸಮ ಬಂದಿದೆಯಾ?" ಎಂದು ಬೆಳಿಗ್ಗೆ ಬಸ್ಸಿನಿಂದ ಫೋನ್ ಮಾಡಿದ್ದ. "ಬಂದಿದೆ ಧರ್ಣಪ್ಪಣ್ಣ, ನೀವು ಎಂತ ತಲೆಬಿಸಿ ಮಾಡುವುದು ಬೇಡ" ಎಂದು ಅಸ್ಕರ್ ಹೇಳಿಯೂ ಬಿಟ್ಟಿದ್ದ. ನೋಡದೆ ಹೇಳಿದ್ದ. ನೋಡಲು ಹೊತ್ತೇ ಇರಲಿಲ್ಲ ಎನ್ನುವುದು ಅರ್ಧ ನಿಜ. ಬಂಟ್ವಾಳದಲ್ಲಿ ಎರಡು ದಿನದ ನಿಖಾಹ್ ಇತ್ತು, ಹಬ್ಬದ ಮೆಮೊರಿ ಕಾರ್ಡುಗಳನ್ನು ಖಾಲಿ ಮಾಡಿ ಅದಕ್ಕೇ ಬಳಸಬೇಕಾಯಿತು. ಉಳಿದರ್ಧ ಅವನಿಗೇ ಗೊತ್ತು. ಹಬ್ಬದ ದಿನ ಏನೋ ಎಡವಟ್ಟಾಗಿದೆ ಎಂದು ಒಳಗೊಳಗೆ ಅನ್ನಿಸಿತ್ತು, ಅನ್ನಿಸಿದ್ದಕ್ಕೇ ಆ ಫೋಲ್ಡರ್ ತೆರೆದಿರಲಿಲ್ಲ. ಹೋಗಲಿ, ಈಗ ತೆರೆಯಬೇಕು. ಕೈಯಲ್ಲಿ ಹಿಡಿದು ತೆಗೆದ ಹೊಸ ಕ್ಯಾಮರಾದ ಫೈಲುಗಳು ನೇರವಾಗಿ ಕಾಣುತ್ತವೆ, ಎಂಪಿ ಫೋರಿಗೆ ಬದಲಿಸಿದ ಮೇಲೆಯೇ ನೋಡಬೇಕೆಂದಿಲ್ಲ. ಇಪ್ಪತ್ತಮೂರನೆಯ ತುಣುಕನ್ನು ಒತ್ತಿದ.

ನೆಲ. ಕೆಸರು, ಹರಿದ ಚಪ್ಪಲಿ, ಬಣ್ಣದ ಕಾಗದ, ಓಲಾಡುವ ನೆಲ. ಎಂಟು ನಿಮಿಷ ನೆಲ. ಮುಂದಿನ ತುಣುಕು ಒತ್ತಿದ: ಮುಡಿ ಆಗಲೇ ನೆಲದ ಮೇಲಿದೆ, ಜನ ಧರ್ಣಪ್ಪಣ್ಣನನ್ನು ಹೆಗಲಿಗೇರಿಸಿದ್ದಾರೆ, ಎರಡು ಸೆಕೆಂಡು, ಮತ್ತೆ ನೆಲ. ಆಗ ಪೂರ್ತಿ ಅರ್ಥವಾಯಿತು. ಒಂದೇ ಗುಂಡಿ, ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ. ಒಂದು ಸಲ ಲೆಕ್ಕ ತಪ್ಪಿದರೆ ಆಮೇಲೆ ಎಲ್ಲ ತಿರುಗಾಮುರುಗಾ. ತಾನು ಚಿತ್ರೀಕರಿಸುತ್ತಿದ್ದೇನೆಂದು ಎತ್ತಿ ಹಿಡಿದಾಗ ಕ್ಯಾಮರಾ ಮಲಗಿತ್ತು, ನಿಲ್ಲಿಸಿದ್ದೇನೆಂದು ಹೆಗಲಿಗೆ ತೂಗಿಬಿಟ್ಟಾಗ ಎಚ್ಚರವಾಗಿತ್ತು. ಬಿಸಿಲಿಗೆ ಪರದೆಯ ಕೆಂಪು ಚುಕ್ಕಿ ಕಾಣಿಸಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಹುಡುಕಬೇಕಾಗಿಯೇ ಇರಲಿಲ್ಲ. ಇಪ್ಪತ್ತಮೂರನೆಯ ತುಣುಕಿನ ಆರಂಭದಲ್ಲೇ ಆ ಸ್ವರ ಇತ್ತು. "ಏಯ್ ಕ್ಯಾಮರಾ, ಹೊರಗೆ ಹೊರಗೆ! ಇವನನ್ನು ಯಾರು ಹಗ್ಗದ ಒಳಗೆ ಬಿಟ್ಟದ್ದು?" ಸ್ವಯಂಸೇವಕನ ಬ್ಯಾಡ್ಜು ಹಾಕಿದವನೊಬ್ಬ ಕ್ಯಾಮರಾದ ಪಟ್ಟಿ ಹಿಡಿದು ಎಳೆದಿದ್ದ. ಆ ಎಳೆತಕ್ಕೆ ಹೆಬ್ಬೆರಳು ಗುಂಡಿಯ ಮೇಲೆ ಬಿದ್ದಿರಬೇಕು. ಹನ್ನೆರಡು ವರ್ಷದಿಂದ ಅದೇ ಬೀದಿಯಲ್ಲಿ ಅದೇ ಹಬ್ಬ ತೆಗೆಯುವವನು, 'ಕ್ಯಾಮರಾ' ಎಂದು ಕರೆಸಿಕೊಂಡು ಹಲ್ಲು ಕಿರಿದಿದ್ದ. ಆ ನಗು ನೆನಪಾಗಿ ಈಗ ಕಿವಿ ಬಿಸಿಯಾಯಿತು. ಆಮೇಲೆ ಇನ್ನೊಂದು ಸ್ವರ ಕೇಳಿಸಿತು, ಅಂದು ತಾಸೆಯ ಬಡಿತಕ್ಕೆ ಅವನಿಗೆ ಕೇಳಿಸದೇ ಇದ್ದ ಸ್ವರ: "ಅವ ನಮ್ಮ ಜನ ಮಾರಾಯ. ಅವ ಒಳಗೇ ಇರಲಿ." ಧರ್ಣಪ್ಪಣ್ಣ. ಅಸ್ಕರ್ ಹಿಂದಕ್ಕೆಳೆದು ಮತ್ತೊಮ್ಮೆ ಕೇಳಿದ. ಇನ್ನೂ ಒಮ್ಮೆ ಕೇಳಿದ. ಇಂಥವನ ಕೊನೆಯ ಮುಡಿಯನ್ನು ತಾನು ತಿಂದು ಹಾಕಿದೆನಲ್ಲ ಎಂದು ಮೇಜಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಆದರೆ ಮುಕ್ಕಾಲಿಯ ಮೇಲಿನ ಕ್ಯಾಮರಾ! ಕುರ್ಚಿಯಿಂದ ಎದ್ದೇಬಿಟ್ಟ. ಹಬ್ಬದ ಬೀದಿಯ ಬಟ್ಟೆ ಅಂಗಡಿಯ ತಾರಸಿಯಲ್ಲಿ ಹಳೆಯ ಕ್ಯಾಮರಾವನ್ನು ನಿಲ್ಲಿಸಿ, ಶುರುಮಾಡಿ, ಬಿಟ್ಟುಬಂದಿದ್ದ; ಅದರ ಗುಂಡಿಯನ್ನು ಆರು ಗಂಟೆ ಯಾರೂ ಮುಟ್ಟಿರಲಿಲ್ಲ. ಬೆಳಿಗ್ಗೆಯಿಂದ ಕಂಪ್ಯೂಟರು ಬದಲಿಸುತ್ತಿರುವುದು ಅದರದ್ದೇ ಹದಿನೇಳು ಫೈಲುಗಳನ್ನು. ಎಂಟಿಎಸ್ ಎನ್ನುವ ಹಳೆಯ ಜಾತಿಯ ಫೈಲು ಅವು. ಸ್ಪರ್ಧೆಯವರ ಅರ್ಜಿ ಅದನ್ನು ಮೂಸಿಯೂ ನೋಡುವುದಿಲ್ಲ. ಆ ಕ್ಯಾಮರಾದ ಕಾರ್ಡಿನಲ್ಲಿ ಒಂದು ಫೈಲು ನಾಲ್ಕು ಜಿಬಿ ದಾಟುವಂತಿಲ್ಲ, ಆದ್ದರಿಂದ ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಒಂಬತ್ತು ಮುಗಿದಿತ್ತು, ಹತ್ತು ಈಗಷ್ಟೇ ಮುಗಿದಿತ್ತು. ಒಂಬತ್ತನೆಯದರ ಬಾಲ ಹಿಡಿದ. ಬಂತು! ಮೇಲಿಂದ, ದೂರದಿಂದ, ಆದರೆ ಸ್ಪಷ್ಟವಾಗಿ: ಹಳದಿಯ ಗುಂಪು ಬಿಚ್ಚಿಕೊಂಡು ವೃತ್ತವಾಗುತ್ತದೆ, ಡೋಲು ತಾಸೆ ಏರುತ್ತವೆ, ಧರ್ಣಪ್ಪಣ್ಣ ಮುಡಿಯ ಸುತ್ತ ಮೂರು ಸಲ ಬಂದು ನಾಲ್ಕು ಕಾಲಿನ ಮೇಲೆ ಬಗ್ಗುತ್ತಾನೆ, ಹಗ್ಗ ಕಚ್ಚುತ್ತಾನೆ. ಅಸ್ಕರನ ಕಾಲು ಕೆಳಗೆ ತಾಸೆಯ ತಾಳ ಹಾಕತೊಡಗಿತ್ತು. ಮುಡಿ ನೆಲ ಬಿಟ್ಟಿತು, ಎದೆಯ ಮಟ್ಟಕ್ಕೆ ಬಂತು, ಮುಖದ ಮಟ್ಟಕ್ಕೆ... ಫೈಲು ಮುಗಿಯಿತು. ಹತ್ತನೆಯದನ್ನು ತೆರೆದ. ಮುಡಿ ಆಗಲೇ ಬೆನ್ನ ಹಿಂದೆ ನೆಲಕ್ಕೆ ಬೀಳುತ್ತಿತ್ತು.

ನಂಬಲಾಗಲಿಲ್ಲ. ಆರು ಗಂಟೆಯ ಉದ್ದಕ್ಕೂ ಹದಿನಾರು ಕಡೆ ಮಾತ್ರ ತುಂಡಾಗುವ ಕ್ಯಾಮರಾ, ಹದಿನಾರರಲ್ಲಿ ಒಂದು ತುಂಡನ್ನು ಈ ಅರೆ ಸೆಕೆಂಡಿಗೇ ಕಾದಿಟ್ಟಿತ್ತೇ? ಎರಡನ್ನೂ ಒಂದರ ಹಿಂದೆ ಒಂದಿಟ್ಟು ಓಡಿಸಿದ. ಮುಡಿ ಹಲ್ಲಿನಲ್ಲಿ ಇದೆ, ಟಪ್ ಎಂದು ಎಗರುತ್ತದೆ, ಮುಡಿ ನೆಲದಲ್ಲಿದೆ. ಯಾರೇ ನೋಡಿದರೂ ಕತ್ತರಿಸಿ ಅಂಟಿಸಿದ್ದೆಂದೇ ಹೇಳುತ್ತಾರೆ. ಐವತ್ತನಾಲ್ಕರ ಮುದುಕ ಮುಡಿ ಎಸೆದನಂತೆ, ಎಸೆಯುವ ಜಾಗದಲ್ಲೇ ಕಟ್ ಇದೆಯಂತೆ ಎಂದು ನಗುತ್ತಾರೆ. ಅಷ್ಟರಲ್ಲಿ ಮನೆಯಿಂದ ಹೆಂಡತಿ ಸಬೀಹಾಳ ಫೋನು ಬಂತು. "ಊಟಕ್ಕೆ ಬರುವುದಿಲ್ಲವಾ? ಎರಡು ಗಂಟೆ ಆಯ್ತು." ಆಗುವುದಿಲ್ಲ ಎಂದ. "ಆ ಕೈಗೆ ಮದ್ದು ಹಾಕಿದ್ರಾ? ನಾಲ್ಕು ದಿನದಿಂದ ಹೇಳ್ತಾ ಇದ್ದೇನೆ, ಹುಣ್ಣಾದರೆ ನನಗೆ ಹೇಳಬೇಡಿ." ಹಾಕುತ್ತೇನೆ ಎಂದು ಇಟ್ಟ. ಹಬ್ಬದ ಸಂಜೆ ಅವಳೇ ಆ ಕೈಯನ್ನು ಹಿಡಿದು ನೋಡಿ, "ಇದೇನು, ನೀವೂ ಹುಲಿ ಹಾಕಿದ್ರಾ?" ಎಂದು ಕೇಳಿ ನಕ್ಕಿದ್ದಳು, ಕೈಯ ಹಿಂಬದಿಗೆ ಹಳದಿ ಬಣ್ಣ ಮೆತ್ತಿತ್ತು. ಆ ದಿನ ಮೂಡುಬಿದಿರೆಯಲ್ಲಿ ಬಣ್ಣ ಮೆತ್ತದ ಗೋಡೆಯೂ ಇರಲಿಲ್ಲ.

ಇಬ್ರಾಹಿಂ ಬ್ಯಾರಿಗೆ ಫೋನ್ ಮಾಡುವುದೆಂದರೆ ಮೂಗು ಕತ್ತರಿಸಿಕೊಂಡ ಹಾಗೆ. ಟೇಪಿನ ಕಾಲದಿಂದ ಮದುವೆ ವಿಡಿಯೋ ತೆಗೆದವರು, ಅಸ್ಕರನಿಗೆ ಕ್ಯಾಮರಾ ಹಿಡಿಯಲು ಕಲಿಸಿದವರು, ಈಗ ಮೂಡುಬಿದಿರೆಯಲ್ಲಿ ಮೊಬೈಲ್ ಕವರಿನ ಅಂಗಡಿ ಇಟ್ಟುಕೊಂಡವರು. ಹೊಸ ಕ್ಯಾಮರಾ ತೆಗೆದುಕೊಂಡ ವರ್ಷ "ಇನ್ನು ನಿಮ್ಮ ಹಳೆಯ ವಿದ್ಯೆ ನಡೆಯುವುದಿಲ್ಲ" ಎಂದು ಅಸ್ಕರ್ ತಮಾಷೆಗೆ ಹೇಳಿದ್ದ. ತಮಾಷೆಯೆಂದು ಇಬ್ಬರೂ ನಟಿಸಿದ್ದರು. ಎರಡೂವರೆಗೆ ಫೋನ್ ಮಾಡಿದ.

"ಕಾರ್ಡಿನಿಂದ ಹೇಗೆ ಕಾಪಿ ಮಾಡಿದ್ದು?" ಎಂದು ಅವರು ಮೊದಲು ಕೇಳಿದರು.

"ಒಳಗಿನ ಫೋಲ್ಡರಿನಿಂದ ವಿಡಿಯೋ ಫೈಲು ಮಾತ್ರ ಎಳೆದು ಹಾಕಿದ್ದು."

"ಇಡೀ ಫೋಲ್ಡರ್ ತೆಗೆಯಬೇಕಿತ್ತು. ಯಾವುದಕ್ಕೆ ಯಾವುದು ಸೇರುವುದೂಂತ ಅದರಲ್ಲಿ ಬರೆದಿರ್ತದೆ. ಕಾರ್ಡ್ ಉಂಟಾ?"

"ಇಲ್ಲ. ನಿಖಾಹ್‌ಗೆ ಅಳಿಸಿದೆ."

ಅತ್ತ ಕಡೆ ಕವರಿಗೆ ಚೌಕಾಸಿ ಮಾಡುವ ಗಿರಾಕಿಯ ಸ್ವರ. ಅವರು ಅವನನ್ನು ಸಾಗಹಾಕಿ ಬಂದರು. "ಒಂಬತ್ತರ ಸೈಜ್ ಎಷ್ಟು? ನಾಲ್ಕು ಜಿಬಿ ತುಂಬಿದೆಯಾ? ತುಂಬಿದ್ದರೆ ಹತ್ತು ಅದರದ್ದೇ ಬಾಲ. ನೋಡು, ಕ್ಯಾಮರಾ ಒಂದು ಫ್ರೇಮನ್ನೂ ಬಿಟ್ಟಿರುವುದಿಲ್ಲ. ನೀನು ಬಿಟ್ಟದ್ದು. ಈ ಜಾತಿಯ ಫೈಲಿನಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿ ಇರುವುದಿಲ್ಲ ಮಾರಾಯ, ಅರ್ಧ ಸೆಕೆಂಡಿಗೆ ಒಂದು ಮಾತ್ರ ಪೂರ್ತಿ, ಉಳಿದದ್ದೆಲ್ಲ ಹಿಂದಿನ ಮುಂದಿನ ಚಿತ್ರ ನೋಡಿ ಬಿಡಿಸಿಕೊಳ್ಳುವುದು. ಜೋಡಿಯ ನಡುವೆ ಕತ್ತರಿಸಿ ಒಂದೊಂದನ್ನೇ ಬದಲಿಸಿ ಬೇಯಿಸಿದರೆ ಒಂಬತ್ತರ ಬಾಲಕ್ಕೆ ಮುಂದಿನದ್ದು ಸಿಗುವುದಿಲ್ಲ, ಹತ್ತರ ತಲೆಗೆ ಹಿಂದಿನದ್ದು ಸಿಗುವುದಿಲ್ಲ. ಸಿಗದಿದ್ದರೆ ಸಾಫ್ಟ್‌ವೇರ್ ಬಿಸಾಡ್ತದೆ. ಮೊದಲು ಹಸಿಯಾಗಿಯೇ ಜೋಡಿಸು, ಆಮೇಲೆ ಬೇಯಿಸು."

"ಹಸಿಯಾಗಿ ಜೋಡಿಸುವುದು ಹೇಗೆ?"

"ಕಮಾಂಡ್ ಟೈಪು ಮಾಡುವ ಕಪ್ಪು ಪರದೆ ತೆಗಿ. ಕಾಪಿ, ಸ್ಪೇಸ್, ಸ್ಲ್ಯಾಶ್ ಬಿ. ಒಂಬತ್ತು ಪ್ಲಸ್ ಹತ್ತು, ಆಮೇಲೆ ಹೊಸ ಹೆಸರು. ಸ್ಲ್ಯಾಶ್ ಬಿ ಮರೀಬೇಡ. ಹಳೆಯ ವಿದ್ಯೆ," ಎಂದು ಸೇರಿಸಿ, ನಗದೆ, ಇಟ್ಟರು.

ಅಸ್ಕರ್ ಕಪ್ಪು ಪರದೆಯಲ್ಲಿ ಆ ಸಾಲನ್ನು ಟೈಪು ಮಾಡಿ, ಸ್ಲ್ಯಾಶ್ ಬಿ ಇದೆಯೇ ಎಂದು ಎರಡು ಸಲ ನೋಡಿದ. ಎಂಟರ್ ಒತ್ತಿದ. ಹಾರ್ಡ್‌ಡಿಸ್ಕಿನ ನೀಲಿ ದೀಪ ಪಟಪಟ ಬಡಿಯಿತು. ಎಂಟು ಜಿಬಿ ಓದಿ ಅಲ್ಲಿಯೇ ಬರೆಯಬೇಕು, ನಾಲ್ಕೈದು ನಿಮಿಷ. ಎರಡು ನಿಮಿಷವಾಗಿತ್ತು, ಗಿರಣಿ ಸದ್ದು ನಿಲ್ಲಿಸಿತು. ಫ್ಯಾನು ನಿಂತಿತು. ಯುಪಿಎಸ್ ಕೀಂ ಕೀಂ ಎಂದು ಅಳತೊಡಗಿತು. ಕರೆಂಟು! ಹಳೆಯ ಬ್ಯಾಟರಿ, ಏಳು ನಿಮಿಷ ತಡೆದರೆ ಹೆಚ್ಚು. ಬರೆಯುವ ನಡುವೆ ಡಿಸ್ಕು ಸತ್ತರೆ ಹೊಸ ಫೈಲಷ್ಟೇ ಅಲ್ಲ, ಹಳೆಯದೂ ಹೋದೀತು. ಕೇಬಲ್ ಹಿಡಿದು ನಿಂತ. ಎಳೆಯಲೇ, ಬಿಡಲೇ? ಎಳೆಯಲಿಲ್ಲ. 'ಒಂದು ಫೈಲು ಕಾಪಿಯಾಯಿತು' ಎಂಬ ಸಾಲು ಬಂತು. ಡಿಸ್ಕನ್ನು ಕ್ರಮವಾಗಿ ಬಿಡಿಸಿ, ಕಂಪ್ಯೂಟರನ್ನು ಮುಚ್ಚಿ, ಕತ್ತಲೆಯಾದ ಪರದೆಯ ಎದುರು ಕುಳಿತ. ಸಿದ್ದಕಟ್ಟೆಯ ಪೇಟೆ ಅಷ್ಟು ಮೌನವಾಗಿರುವುದನ್ನು ಅವನು ಕೇಳಿಯೇ ಇರಲಿಲ್ಲ. ಮೂರು ಗಂಟೆ ಐದು ನಿಮಿಷ. ಮೂರೂ ಹದಿನೈದು. ಮೂರೂ ಇಪ್ಪತ್ತೈದು. ಆ ಮೌನದಲ್ಲಿ ಸ್ವಯಂಸೇವಕನ ಮುಖ ಮತ್ತೆ ಬಂತು, ಅವನು ಪಟ್ಟಿ ಎಳೆದ ಮೇಲೆ ತಾನು ಏನು ಮಾಡಿದೆ ಎಂದು ನೆನೆಯಲು ನೋಡಿದ. ಹೊರಗೆ ಹೋಗಲಿಲ್ಲ. ಹಟಕ್ಕೆ ಬಿದ್ದು ಇನ್ನೂ ಎರಡು ಹೆಜ್ಜೆ ಒಳಗೆ ಹೋದೆ. ಧರ್ಣಪ್ಪಣ್ಣನ ಬೆನ್ನ ಹಿಂದೆ. ಅಷ್ಟು ನೆನಪಿದೆ. ಆಮೇಲೆ ಸಿಳ್ಳೆ. ನಡುವೆ ಏನೂ ಇಲ್ಲ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಇದ್ದ ಹಾಗೆ.

ಮೂರೂವರೆಗೆ ಕೆಳಗೆ ಗಿರಣಿ ಗುಡುಗಿತು. ಅಸ್ಕರ್ "ಅಲ್‌ಹಮ್ದುಲಿಲ್ಲಾ" ಎಂದು ಕೂಗಿಯೇಬಿಟ್ಟ. ಕಂಪ್ಯೂಟರ್ ಏಳುವುದಕ್ಕೆ ಅದರದ್ದೇ ಆದ ರಾಜಠೀವಿ. ಜೋಡಿಸಿದ ಹೊಸ ಫೈಲು ಇತ್ತು, ಎಂಟು ಜಿಬಿಗೆ ತುಸು ಕಡಿಮೆ. ಎರಡೂ ಸೇರುವ ಜಾಗಕ್ಕೆ ಎಳೆದು, ಉಸಿರು ಹಿಡಿದು, ಓಡಿಸಿದ. ಮುಡಿ ನೆಲ ಬಿಟ್ಟಿತು. ಎದೆ. ಮುಖ. ನೆತ್ತಿ! ನೆತ್ತಿಯ ಮೇಲೆ ಒಂದು ಕ್ಷಣ ಅದು ತೂಕವೇ ಇಲ್ಲದಂತೆ ನಿಂತು ಹಿಂದಕ್ಕೆ ಹೋಯಿತು. ಅಸ್ಕರ್ ಎರಡೂ ಕೈ ಮೇಲೆತ್ತಿ ಕೋಣೆಯೊಳಗೇ ಎರಡು ಹೆಜ್ಜೆ ಹುಲಿ ಕುಣಿದ. ಬಂದಿದೆ, ಎಲ್ಲ ಬಂದಿದೆ, ಒಂದು ಫ್ರೇಮೂ ಹೋಗಿಲ್ಲ. ಮತ್ತೆ ಹಾಕಿದ. ಖುಷಿಗೇ ನಿಧಾನವಾಗಿ ಹಾಕಿದ, ಒಂದೊಂದೇ ಚಿತ್ರ. ಆಗ ಕಂಡಿತು.

ಆ ಹಳೆಯ ಕ್ಯಾಮರಾ ಒಂದು ಸೆಕೆಂಡಿಗೆ ಐವತ್ತು ಅರೆಚಿತ್ರ ಹಿಡಿಯುತ್ತದೆ: ಮೊದಲು ಒಂದು, ಮೂರು, ಐದನೆಯ ಗೆರೆಗಳು, ಮರುಗಳಿಗೆ ಎರಡು, ನಾಲ್ಕು, ಆರನೆಯವು. ಎರಡನ್ನೂ ಹಾಗೆಯೇ ಹೆಣೆದು ಒಂದೇ ಚಿತ್ರ ಮಾಡಿದರೆ ಓಡುವ ವಸ್ತುವಿನ ಅಂಚಿಗೆ ಬಾಚಣಿಗೆಯ ಹಲ್ಲು ಮೂಡುತ್ತದೆ. ಮುಡಿಯ ಅಂಚಿಗೆ ಮೂಡಿತ್ತು, ಅದು ಸರಿ. ಆದರೆ ಧರ್ಣಪ್ಪಣ್ಣನ ಕತ್ತಿನ ಹತ್ತಿರ, ಹಳದಿಯ ನಡುವೆ, ಬಾಚಣಿಗೆಯ ಹಲ್ಲುಗಳ ಇನ್ನೊಂದು ಗುಂಪು ಇತ್ತು. ಅಲ್ಲಿ ಓಡುವ ವಸ್ತು ಇರಬಾರದಿತ್ತು. ಪ್ಲೇಯರಿನಲ್ಲಿ ಅರೆಚಿತ್ರಗಳನ್ನು ಬಿಡಿಸಿ, ಐವತ್ತನ್ನೂ ಬೇರೆ ಬೇರೆ ಪೂರ್ತಿ ಚಿತ್ರವಾಗಿ ತೋರಿಸುವ ಆಯ್ಕೆ ಒತ್ತಿದ. ಹಲ್ಲುಗಳು ಮಾಯವಾದವು. ಮುಡಿ ಓರೆಯಾಗಿ ಜಾರುತ್ತಿದೆ, ಕತ್ತಿಗೆ ಒಂದು ಗೇಣು ಮೇಲಿದೆ. ಎಡಗಡೆಯಿಂದ ಒಂದು ನೀಲಿ ಅಂಗಿಯ ತೋಳು ಬರುತ್ತದೆ. ಒಂದು ಅಂಗೈ ಮುಡಿಯ ಬೈಹುಲ್ಲಿಗೆ ತಾಗುತ್ತದೆ, ಅದೇ ಕೈಯ ಹಿಂಬದಿ ಧರ್ಣಪ್ಪಣ್ಣನ ಕತ್ತಿಗೆ ಒತ್ತುತ್ತದೆ. ಏಳು ಅರೆಚಿತ್ರ. ಸೆಕೆಂಡಿನ ಏಳರಲ್ಲೊಂದು ಪಾಲು. ಆಮೇಲೆ ಮುಡಿ ಹಿಂದೆ, ಕೈ ಇಲ್ಲ. ಎಲ್ಲರ ಕಣ್ಣೂ ಮುಡಿಯ ಮೇಲಿತ್ತು, ಎದುರು ನಿಂತವರಿಗೆ ಹಿಂದಿನ ಕೈ ಕಾಣುವಂತೆಯೂ ಇರಲಿಲ್ಲ. ನೀಲಿ ತೋಳಿನ ಹಿಂದೆ, ಕ್ಯಾಮರಾವನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಬಾಯಿ ತೆರೆದು ನಿಂತಿದ್ದವನು ಅಸ್ಕರ್.

ಅವನು ಎಡ ಅಂಗೈಯನ್ನು ಪರದೆಯ ಬೆಳಕಿಗೆ ಹಿಡಿದ. ಮೂರು ಗೆರೆ. ಹುಲ್ಲಿನ ಹಗ್ಗದ ಮೂರು ಸುತ್ತು.

ಮೊದಲು ಬಂದದ್ದು ನಗು, ನಿಜವಾಗಿಯೂ ನಗು. ಹನ್ನೊಂದು ತೆಂಗಿನಕಾಯಿ! ಅದರ ಬೆನ್ನಿಗೇ ಭಯ ಬಂತು. ಮುಡಿಗೆ ಯಾರ ಕೈಯೂ ತಾಗುವಂತಿಲ್ಲ. ತಾಗಿದೆ. ಹಗ್ಗದ ಒಳಗೆ ನಿಲ್ಲಬಾರದಿದ್ದವನ ಕೈ, 'ಅವ ನಮ್ಮ ಜನ' ಎಂದು ಯಾರು ಒಳಗೆ ಇರಿಸಿಕೊಂಡನೋ ಅವನ ಮೂವತ್ತೊಂದು ವರ್ಷದ ಮೇಲೆಯೇ ಬಿದ್ದಿದೆ. ಆ ಕೈ ಇಲ್ಲದಿದ್ದರೆ ಕತ್ತು ಮುರಿಯುತ್ತಿತ್ತೋ, ಅಥವಾ ಅವನು ಮೂವತ್ತೊಂದು ವರ್ಷ ಮಾಡಿದ ಹಾಗೆ ಹೆಗಲು ತಿರುಗಿಸಿ ತಾನೇ ದಾಟಿಸುತ್ತಿದ್ದನೋ? ಏಳು ಅರೆಚಿತ್ರ ಎಷ್ಟು ಸಲ ನೋಡಿದರೂ ಅದನ್ನು ಹೇಳಲಿಲ್ಲ. ಕಾಪಾಡಿದೆನೋ ಕೆಡಿಸಿದೆನೋ. ಇನ್ನೂ ಹೊಟ್ಟೆ ಸುಡುವ ವಿಷಯವೆಂದರೆ, ಆ ಕೈಯನ್ನು ತಾನು ಚಾಚಿದ್ದು ನೆನಪೇ ಇಲ್ಲ. ಒಳ್ಳೆಯ ಕೆಲಸವಾಗಿದ್ದರೆ ಅದರ ಪುಣ್ಯವೂ ತನ್ನದಲ್ಲ, ಕೆಟ್ಟದ್ದಾಗಿದ್ದರೆ ಪಾಪ ಮಾತ್ರ ಪೂರ್ತಿ ತನ್ನದು.

ಆದರೆ ಫೈಲು ಬದಲಿಸುವವನ ಹತ್ತಿರ ಇನ್ನೊಂದು ದಾರಿ ಇತ್ತು. ಐವತ್ತು ಅರೆಚಿತ್ರಗಳನ್ನು ಬಿಡಿಸಲೇಬೇಕೆಂದಿಲ್ಲ. ಎರಡೆರಡನ್ನು ಒಂದರ ಮೇಲೊಂದು ಕಲಸಿ ಇಪ್ಪತ್ತೈದು ಮಾಡಬಹುದು. ಮದುವೆ ವಿಡಿಯೋಗಳಿಗೆಲ್ಲ ಅವನು ಮಾಡುವುದೇ ಹಾಗೆ, ಬೇಗ ಮುಗಿಯುತ್ತದೆ. ಕಲಸಿದರೆ ವೇಗವಾಗಿ ಚಲಿಸುವುದೆಲ್ಲ ಹೊಗೆಯಾಗುತ್ತದೆ. ಕೈ ಹೊಗೆಯಾಗುತ್ತದೆ. ಸುಳ್ಳೂ ಅಲ್ಲ, ಕಟ್ಟೂ ಅಲ್ಲ, ನಿಯಮದ ಒಂದು ಅಕ್ಷರವನ್ನೂ ಮೀರಿದಂತಲ್ಲ. ಕೂತ. ಮುಡಿಗೆ ಐದು ನಿಮಿಷ ಮೊದಲು ಒಂದು ಗುರುತು, ಐದು ನಿಮಿಷ ಆಮೇಲೆ ಒಂದು ಗುರುತು. ಆರುನೂರು ಸೆಕೆಂಡು, ಸೆಕೆಂಡಿಗೆ ಆರು ಮೆಗಾಬಿಟ್ ಕೊಟ್ಟರೆ ನಾನೂರೈವತ್ತು ಎಂಬಿ, ಧ್ವನಿಗೆ ಹತ್ತಿಪ್ಪತ್ತು. ಸಾಕು. ಕಲಸುವ ಆಯ್ಕೆಗೆ ಟಿಕ್ ಹಾಕಿ ಓಡಿಸಿದ. ಹನ್ನೊಂದು ನಿಮಿಷದಲ್ಲಿ ಆಯಿತು. ನೋಡಿದ: ಕತ್ತಿನ ಹತ್ತಿರ ಒಂದು ನೀಲಿ ಉಸಿರು, ಅಷ್ಟೇ. ನಾಲ್ಕೂ ಎಂಟು. ಅರ್ಜಿಯ ಪುಟ ತೆರೆದು, ತಂಡದ ಹೆಸರು, ಊರು, ಸಿದ್ದಕಟ್ಟೆ, ಬಂಟ್ವಾಳ ತಾಲೂಕು ಎಂದೆಲ್ಲ ತುಂಬಿದ. ಫೈಲು ಆರಿಸುವ ಗುಂಡಿಯ ಮೇಲೆ ಬಾಣ ಇಟ್ಟ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು ಕೇಳಿಸಿತು.

ಧರ್ಣಪ್ಪಣ್ಣ ಬಾಯಿಗೆ ಹತ್ತಿ ಕಚ್ಚಿಕೊಂಡು ಬಂದಿದ್ದ. ಬೆಳ್ತಂಗಡಿಯಿಂದ ಎರಡು ಬಸ್ಸು ಬದಲಿಸಿ ಬಂದವನ ಅಂಗಿ ಬೆವರಿಗೆ ಅಂಟಿತ್ತು, ಕಿವಿಯ ಹಿಂದೆ ತೊಳೆದರೂ ಹೋಗದ ಹಳದಿ ಇನ್ನೂ ಇತ್ತು. ಮಾತನಾಡಲಿಲ್ಲ, ಮಾತನಾಡಬಾರದೆಂದು ಡಾಕ್ಟರು ಹೇಳಿರಬೇಕು. ಕುರ್ಚಿ ಎಳೆದು ಕುಳಿತು, ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿ ಎರಡು ಹಲ್ಲುಗಳನ್ನು ಮೇಜಿನ ಮೇಲೆ ಇಟ್ಟ. ಆಮೇಲೆ ಗಲ್ಲದಿಂದ ಪರದೆಯ ಕಡೆಗೆ ತೋರಿಸಿದ. ಹಾಕು.

ಹೊಗೆಯದ್ದನ್ನು ಹಾಕಬಹುದಿತ್ತು. ಅದು ಎದುರೇ ಇತ್ತು. ಅಸ್ಕರನ ಕೈ ಅದರ ಮೇಲೆ ಹೋಯಿತು ಕೂಡ. ಆದರೆ ಆ ಎರಡು ಹಲ್ಲುಗಳು, ಬುಡದಲ್ಲಿ ಸ್ವಲ್ಪ ಕೆಂಪಿದ್ದವು, ಅವುಗಳ ಎದುರು ಅವನಿಂದಾಗಲಿಲ್ಲ. ಜೋಡಿಸಿದ ಮೂಲವನ್ನೇ ತೆರೆದ. ಧರ್ಣಪ್ಪಣ್ಣ ತನ್ನನ್ನು ತಾನು ನೋಡಿದ, ಮುಡಿ ಏರುವುದನ್ನು ನೋಡಿದ, ಕಣ್ಣು ತುಂಬಿ ಬಂತು. ಅಸ್ಕರ್ ನಿಲ್ಲಿಸಿದ. ಹಿಂದಕ್ಕೆ ಬಂದು ಒಂದೊಂದೇ ಚಿತ್ರ ಮುಂದೆ ಒತ್ತಿದ. ತೋಳು ಬಂತು. ಅಂಗೈ ತಾಗಿತು.

"ಅದು ನಾನು ಧರ್ಣಪ್ಪಣ್ಣ," ಎಂದ. "ನನಗೆ ಗೊತ್ತಿರಲಿಲ್ಲ. ಅಲ್ಲಾಹನಾಣೆ, ನನಗೆ ಈಗ ಗೊತ್ತಾದದ್ದು. ಕೈಯ ಕ್ಯಾಮರಾದಲ್ಲಿ ಎಂತದೂ ಬರಲಿಲ್ಲ, ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಹೀಗೆ ಕಳಿಸಿದರೆ ಮುಡಿಯ ಅಂಕ ಹೋಗ್ತದೆ. ಕೈ ಕಾಣದ ಹಾಗೆ ಒಂದು ಮಾಡಿದ್ದೇನೆ, ರೆಡಿ ಉಂಟು. ಕಾಣುವ ಹಾಗೆ ಮಾಡಬೇಕಾದರೆ ಈಗಲೇ ಹಾಕಬೇಕು, ಇಪ್ಪತ್ತು ನಿಮಿಷ ಅದಕ್ಕೆ, ಹದಿನೇಳು ನಿಮಿಷ ಕಳಿಸುವುದಕ್ಕೆ. ನೀವು ಹೇಳಿದ ಹಾಗೆ."

ನಾಲ್ಕೂ ಹದಿನೇಳು. ಧರ್ಣಪ್ಪಣ್ಣ ಪರದೆಯ ಹತ್ತಿರ ಮುಖ ತಂದು, ಬೆರಳಿನಿಂದ ಆ ಕೈಯನ್ನು ಮುಟ್ಟಿ ನೋಡಿದ. ತನ್ನ ಕತ್ತಿನ ಹಿಂದೆ ಅದೇ ಜಾಗವನ್ನು ಮುಟ್ಟಿಕೊಂಡ. ಅಸ್ಕರನಿಗೆ ಆ ಹೊತ್ತಿನಲ್ಲಿ ಎದ್ದು ಓಡಿಹೋಗಬೇಕೆನಿಸಿತು. ಒಬ್ಬನ ಎಸೆತವನ್ನಷ್ಟೇ ಅಲ್ಲ, ದೇವರನ್ನೂ ಕಸಿದುಕೊಂಡು ಕುಳಿತ ಹಾಗಿತ್ತು. ಧರ್ಣಪ್ಪಣ್ಣ ಬಾಯಿಯ ಹತ್ತಿಯನ್ನು ತೆಗೆದ. ಹ ಎಂಬಂತೆ ಏನೋ ಸದ್ದು ಬಂತು, ಅಳುವೆಂದೇ ಅಸ್ಕರ್ ತಿಳಿದ. ಅದು ನಗು. ಎರಡು ಹಲ್ಲಿಲ್ಲದ ಬಾಯಿಯಿಂದ ಗಾಳಿಯಾಗಿ ಬರುವ, ಹೊಟ್ಟೆ ಕುಲುಕುವ ನಗು.

"ನಾಲ್ಕು ದಿನ ಊರಿಡೀ ಹೇಳಿಕೊಂಡು ಬಂದೆ ಮಾರಾಯ. ದೇವರು, ದೇವರೂಂತ. ನೀನು ಕ್ಯಾಮರಾ ಹಿಡಿದುಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದೆ." ಮತ್ತೆ ನಕ್ಕ, ಕಣ್ಣೊರೆಸಿಕೊಂಡ. "ಮುಡಿ ಜಾರಿದ್ದು ನಿಜ. ಕೈ ತಾಗಿದ್ದು ನಿಜ. ಅದನ್ನು ಹೊಗೆ ಮಾಡಿ ಕಳಿಸಿದರೆ ನಾನು ಸುಳ್ಳುಗಾರ ಆಗ್ತೇನೆ. ಕಾಣುವ ಹಾಗೆ ಹಾಕು."

"ಅಂಕ ಹೋಗ್ತದೆ ಅಣ್ಣ."

"ಹೋಗಲಿ. ತಂಡದವರು ಕುಣಿದಿದ್ದಾರಲ್ಲ, ಅದಕ್ಕೆ ಅಂಕ ಇಲ್ಲವಾ? ಹಾಕು, ಹಾಕು, ಹೊತ್ತಾಗ್ತದೆ."

ಅಸ್ಕರ್ ಹೊಗೆಯ ಫೈಲನ್ನು ಅಳಿಸಿ, ಐವತ್ತೂ ಬೇರೆ ಬೇರೆ ಎಂಬುದಕ್ಕೆ ಟಿಕ್ ಹಾಕಿ ಓಡಿಸಿದ. ಹತ್ತು, ಇಪ್ಪತ್ತು, ನಲವತ್ತು. ಕೆಳಗೆ ಗಿರಣಿ ಓಡಿದಾಗಲೆಲ್ಲ ಇಬ್ಬರೂ ಡಿಸ್ಕನ್ನು ಒಟ್ಟಿಗೇ ಹಿಡಿದುಕೊಂಡರು, ಮೇಜಿನ ಮೇಲೆ ಹಲ್ಲುಗಳು ಸಣ್ಣಗೆ ಕುಣಿದವು. ಯಾರಿಗೂ ಕರೆಂಟಿನ ಹೆಸರೆತ್ತುವ ಧೈರ್ಯವಿರಲಿಲ್ಲ. ನಾಲ್ಕೂ ಮೂವತ್ತೆಂಟಕ್ಕೆ ನೂರಾಯಿತು. ನಾನೂರ ಅರವತ್ತೆರಡು ಎಂಬಿ. ಅರ್ಜಿಗೆ ಏರಿಸಿದ, ನೀಲಿ ಗೆರೆ ತೆವಳತೊಡಗಿತು, ಒಮ್ಮೆ ಎಂಬತ್ತೊಂದರಲ್ಲಿ ಕೂತುಬಿಟ್ಟಿತು. ಧರ್ಣಪ್ಪಣ್ಣ ಎದ್ದು ನಿಂತು ತೊಡೆ ತಟ್ಟುತ್ತ "ಬಾ, ಬಾ, ಬಾ" ಎಂದು ಅದನ್ನು ಕರೆದ, ಹುಲಿಯನ್ನು ಕರೆಯುವ ತಾಸೆಯ ತಾಳದಲ್ಲಿ. ಬಂತು. ನಾಲ್ಕೂ ಐವತ್ತೇಳಕ್ಕೆ 'ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ' ಎಂದು ಪರದೆ ಹೇಳಿತು. ಅಸ್ಕರನಿಗೆ ಕೂಗಬೇಕೆನಿಸಿತು, ಅಳಬೇಕೆನಿಸಿತು, ಯಾವುದೂ ಬಾರದೆ ಕುರ್ಚಿಗೆ ಒರಗಿದ.

ಧರ್ಣಪ್ಪಣ್ಣ ಅವನ ಎಡಗೈಯನ್ನು ಎಳೆದುಕೊಂಡು, ಅಂಗೈ ಮೇಲೆ ಮಾಡಿ, ಮೂರು ಗೆರೆಗಳನ್ನು ಹೆಬ್ಬೆರಳಿನಿಂದ ಮೆಲ್ಲನೆ ತೀಡಿ ನೋಡಿದ.

"ಇದಕ್ಕೆ ಮದ್ದು ಹಾಕಿದ್ದೀಯಾ?"

"ಇಲ್ಲ."

"ಹಾಕು ಮಾರಾಯ. ಹನ್ನೊಂದು ತೆಂಗಿನಕಾಯಿಯ ಕೈ ಅದು," ಎಂದು ಹೇಳಿ ಹತ್ತಿಯನ್ನು ಮತ್ತೆ ಬಾಯಿಗಿಟ್ಟುಕೊಂಡ. ಕೈಯನ್ನು ಬಿಡಲಿಲ್ಲ. ಇನ್ನೊಂದು ಕೈಯಿಂದ ಪರದೆಯ ಕಡೆ ತೋರಿಸಿದ, ಇನ್ನೊಮ್ಮೆ ಹಾಕು ಎಂದು.